ನ್ಯೂರಲ್ ನೆಟ್‌ವರ್ಕ್ ಹೇಗೆ ಕಲಿಯುತ್ತದೆ: ಮಕ್ಕಳಿಗೆ ಯಾವ ಹೋಲಿಕೆ ಕೊಟ್ಟಿರಿ?

ಕೇಳಿದವರು: ಮಂಡ್ಯದ ಒಂಬತ್ತನೇ ಕ್ಲಾಸ್ ಮಕ್ಕಳಿಗಾಗಿ ಹತ್ತು ನಿಮಿಷದ ವಿಡಿಯೋ ಮಾಡಬೇಕು, ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಗಣಿತ ಅಂದರೆ ಓಡಿಹೋಗುವ ಮಕ್ಕಳು. ಬೆಟ್ಟ ಇಳಿಯುವ ಹೋಲಿಕೆ ಇಡಲೋ, ಮೆದುಳಿನದು ಇಡಲೋ? ಮಾಡಿ ನೋಡಿದವರು ಅನುಭವ ಹೇಳಿ.

ಸರಸ್ವತಿಪುರಂ ಕ್ಯಾಮೆರಾ: ಬೆಟ್ಟವೇ ಇಡಿ, ಎರಡನೇ ಮಾತಿಲ್ಲ. ನಾನು ಇಟ್ಟಿದ್ದು ನಮ್ಮ ಚಾಮುಂಡಿ ಬೆಟ್ಟ. ಮಂಜು ಕವಿದಿದೆ, ಕೆಳಗಿನ ಊರು ಕಾಣುವುದಿಲ್ಲ. ಹುಡುಗ ಕಾಲಲ್ಲೇ ತಡವಿ, ಇಳಿಜಾರು ಎತ್ತ ಇದೆ ನೋಡಿ, ಒಂದು ಹೆಜ್ಜೆ ಇಡುತ್ತಾನೆ. ನಿಲ್ಲುತ್ತಾನೆ. ಮತ್ತೆ ತಡವುತ್ತಾನೆ. ಎತ್ತರ ಅಂದರೆ ತಪ್ಪಿನ ಪ್ರಮಾಣ, ಕೆಳಗೆ ಹೋದಷ್ಟೂ ತಪ್ಪು ಕಡಿಮೆ. ನಂದಿ ಹತ್ತಿರ ನೆಲ ಸಮ ಆಗುತ್ತದೆ, ಹುಡುಗ ಇದೇ ತಳ ಅಂದುಕೊಂಡು ನಿಂತುಬಿಡುತ್ತಾನೆ. ಆ ದೃಶ್ಯ ನನ್ನ ವಿಡಿಯೋದ ಜೀವ.

ಖರ್ಚು ಕೇಳಿ. ಕ್ಯಾಮೆರಾ ಬಾಡಿಗೆ 2,500. ಲೆನ್ಸ್‌ಗೆ ಬೇರೆ 900. ಮಂಜು ಬೀಳಲಿಲ್ಲ ಅಂತ ಹೊಗೆ ಮೆಷಿನ್ 1,800, ಅದರ ಎಣ್ಣೆ 350. ಅನಿಮೇಷನ್ ಮಾಡುವವನಿಗೆ 8,000 ಮುಂಗಡ. ಅವನು ಹುಡುಗನ ಬದಲು ಚೆಂಡು ಉರುಳಿಸಿ ತಂದ! ಚೆಂಡಿಗೆ ವೇಗ ಇರುತ್ತದೆ, ತಾನೇ ಉರುಳಿಕೊಂಡು ಹೋಗುತ್ತದೆ. ನಮಗೆ ಬೇಕಿದ್ದು ಹೆಜ್ಜೆಗೊಮ್ಮೆ ನಿಂತು ತಡವುವುದು. ಅದನ್ನು ಬದಲಿಸೋಕೆ ಮತ್ತೆ 4,500 ಕಿತ್ತುಕೊಂಡ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಜೀವಶಾಸ್ತ್ರ ಮೇಷ್ಟ್ರು, ಕುವೆಂಪುನಗರ: ಇಷ್ಟು ದುಡ್ಡು ಸುರಿಯುವ ಅಗತ್ಯ ಏನಿತ್ತು? ನರಕೋಶದ ಚಿತ್ರ ಬರೆಯಿರಿ, ಮುಗಿಯಿತು. ರೋಸೆನ್‌ಬ್ಲಾಟ್ 1958ರಲ್ಲಿ ಪರ್ಸೆಪ್ಟ್ರಾನ್ ಅನ್ನುವ ಮೊದಮೊದಲ ನ್ಯೂರಲ್ ನೆಟ್‌ವರ್ಕ್ ಬಗ್ಗೆ ಬರೆದಾಗ ಮೆದುಳನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ನಾನು ಎಷ್ಟೋ ವರ್ಷದಿಂದ ಹೀಗೇ ಹೇಳಿಕೊಡುತ್ತಿದ್ದೇನೆ. ಮಗುವಿಗೆ ನಾಯಿ ತೋರಿಸುತ್ತೀರಿ, ಬೆಕ್ಕು ತೋರಿಸುತ್ತೀರಿ, ಕಲಿಯುತ್ತದೆ. ನೆಟ್‌ವರ್ಕ್ ಕೂಡ ಹಾಗೇ. ಕ್ಲಾಸಿನಲ್ಲಿ ಒಬ್ಬರೂ ಸಂದೇಹ ಕೇಳಲಿಲ್ಲ.

ಮಂಡ್ಯ ಮೇಡಂ: ಸಂದೇಹ ಕೇಳಲಿಲ್ಲ ಅಂದರೆ ಅರ್ಥ ಆಯಿತು ಅಂತ ಅಲ್ಲ ಸರ್. ಹುಟ್ಟಿದ್ದು ಮೆದುಳಿನಿಂದ ಅನ್ನುವುದು ಸರಿ. ಆದರೆ ಮಗು ಎರಡು ಮೂರು ನಾಯಿ ನೋಡಿದರೆ ಸಾಕು. ಕನ್ನಡ ಅಂಕಿ ಗುರುತಿಸುವ ನೆಟ್‌ವರ್ಕ್‌ಗೆ ಕೊಡುವ ಕನ್ನಡ-ಎಂನಿಸ್ಟ್ ಅನ್ನುವ ಸಂಗ್ರಹದಲ್ಲಿ ಕಲಿಕೆಗೇ 60,000 ಚಿತ್ರ ಇವೆ. ಅದಕ್ಕಿಂತ ಮುಖ್ಯವಾಗಿ, "ಮಗುವಿನ ಹಾಗೆ" ಅಂದಾಗ ಹೇಗೆ ಕಲಿಯುತ್ತದೆ ಅನ್ನುವುದನ್ನೇ ನುಂಗಿಬಿಟ್ಟೆವು, ಅಲ್ವಾ?

ನಾನು ಹಾಸ್ಟೆಲ್ ಮಕ್ಕಳಿಗೆ ಮಾಡಿದ್ದು ಆಲೆಮನೆ. ಒಂದು ಟನ್ ಕಬ್ಬು ಹಾಕಿದೆವು, 100 ಕೆಜಿ ಬೆಲ್ಲ ಬಂತು. ಕಲಿಯಬೇಕಾದ ಮೆಷಿನ್‌ಗೆ, ಅಂದರೆ ನಮ್ಮ ನೆಟ್‌ವರ್ಕ್‌ಗೆ, ಇದು ಗೊತ್ತಿಲ್ಲ. ಅದರ ಹತ್ತಿರ ಇರುವುದು ಒಂದೇ ನಾಬ್, ಟನ್‌ಗೆ ಎಷ್ಟು ಕೆಜಿ ಅಂತ. ಅದು ಈಗ 60ರಲ್ಲಿ ಇದೆ. ಹೇಳಿದ್ದು 60, ಬಂದದ್ದು 100, 40 ಕಡಿಮೆ. ಹಾಗಾದರೆ ನಾಬ್ ಏರಿಸಬೇಕು. ಎಷ್ಟು? ತಪ್ಪಿದ್ದರಲ್ಲಿ ಅರ್ಧ. 60 ಹೋಗಿ 80 ಆಯಿತು. ಆಮೇಲೆ 90, 95. ಹತ್ತಿರ ಬಂದಂತೆ ಹೆಜ್ಜೆ ತಾನೇ ಚಿಕ್ಕದಾಗುತ್ತದೆ. ಆತುರಪಟ್ಟು ತಪ್ಪಿದ್ದರ ಎರಡರಷ್ಟು ತಿರುಗಿಸಿ ಅಂದೆ. 60, 140, 60, 140, ಅಲ್ಲಲ್ಲೇ ಕುಣಿಯಿತು. ಎರಡೂವರೆಯಷ್ಟು ತಿರುಗಿಸಿದಾಗ 160, 10, 235, ಕೈಬಿಟ್ಟು ಹೋಯಿತು. ಇದನ್ನು ಮಕ್ಕಳೇ ಬಾಯಲ್ಲಿ ಲೆಕ್ಕ ಹಾಕಿದರು. ಸೂತ್ರ ಒಂದೂ ಬರೆಯಲಿಲ್ಲ.

ಆಮೇಲೆ ನಾಬ್ ಎರಡಾದವು. ಗಾಣದ ನಾಬ್ 0.6, ಅಂದರೆ 1000 ಕೆಜಿ ಕಬ್ಬಿಗೆ 600 ಕೆಜಿ ಹಾಲು. ಕೊಪ್ಪರಿಗೆಯ ನಾಬ್ 0.1, ಅಂದರೆ ಆ ಹಾಲಿಗೆ 60 ಕೆಜಿ ಬೆಲ್ಲ. ಮೆಷಿನ್ 40 ಕೆಜಿ ಕಡಿಮೆ ಹೇಳಿದ್ದು ಯಾರ ತಪ್ಪು? ಗಾಣದ ನಾಬ್ 0.1 ಏರಿಸಿ ನೋಡಿ. ಹಾಲು 100 ಕೆಜಿ ಜಾಸ್ತಿ, ಬೆಲ್ಲ 10 ಕೆಜಿ ಜಾಸ್ತಿ. ಕೊಪ್ಪರಿಗೆಯ ನಾಬ್ ಸೊನ್ನೆಯಲ್ಲಿ ಇದ್ದಿದ್ದರೆ? ಗಾಣ ಎಷ್ಟು ತಿರುಗಿಸಿದರೂ ಬೆಲ್ಲ ಏರುತ್ತಿರಲಿಲ್ಲ. ಅಂದರೆ ಗಾಣದ ಪಾಲಿನ ತಪ್ಪು ತಿಳಿಯಬೇಕಾದರೆ ಮೊದಲು ಅದರ ಮುಂದಿನ ಕೊಪ್ಪರಿಗೆ ನೋಡಬೇಕು. ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಮೂವರೂ 1986ರ ತಮ್ಮ ಲೇಖನದಲ್ಲಿ ಎಲ್ಲರಿಗೂ ಮನದಟ್ಟು ಮಾಡಿದ ಬ್ಯಾಕ್‌ಪ್ರೊಪಗೇಷನ್‌ನ ತಿರುಳು ಇದೇ.

ಆಲೆಮನೆ ಮನೆಯವನು: ಮೇಡಂ, ಟನ್‌ಗೆ ಸರಿಯಾಗಿ 100 ಕೆಜಿ ಅಂತ ಯಾರು ಹೇಳಿದ್ದು? ನಮ್ಮದು ಅಪ್ಪನ ಕಾಲದ ಆಲೆಮನೆ. ಸಿಓ 62175 ಕಬ್ಬು, ಒಂದು ಗದ್ದೆಯದು ಒಂದು ಥರ, ಪಕ್ಕದ್ದು ಇನ್ನೊಂದು ಥರ. ಕಡಿದು ಮೂರು ದಿನ ಬಿಟ್ಟು ಅರೆದರೆ ಬೇರೆ. ಕೂಳೆ ಕಬ್ಬು ಬೇರೆ. ಹೋದ ಸಲ ಕಡಿಯುವವರು ಸಿಗದೆ ಕಬ್ಬು ಗದ್ದೆಯಲ್ಲೇ ಉಳಿಯಿತು. ಗಾಣದ ಬೇರಿಂಗ್‌ಗೆ 6,200, ಮೋಟಾರ್ ಸುತ್ತಿಸೋಕೆ 3,800, ಸೌದೆ ಬೇರೆ. ಪುಸ್ತಕದ ಲೆಕ್ಕ ಮಕ್ಕಳಿಗೆ ಹೇಳಬೇಡಿ.

ಮಂಡ್ಯ ಮೇಡಂ: ಅಣ್ಣ, ನೀವು ಹೇಳಿದ್ದೇ ಮುಂದಿನ ಪಾಠ. ಒಂದು ದಿನ 95 ಬರುತ್ತದೆ, ಇನ್ನೊಂದು ದಿನ 110. ಒಂದೇ ನಾಬ್ ಎಲ್ಲ ದಿನಕ್ಕೂ ಸರಿಹೋಗುವುದಿಲ್ಲ, ನಡುವೆ ಎಲ್ಲೋ ತೂಗಾಡುತ್ತದೆ. ತಪ್ಪು ಸೊನ್ನೆ ಆಗುವುದೇ ಇಲ್ಲ. ಕೂಳೆಯೋ ತನಿಯೋ, ಕಡಿದು ಎಷ್ಟು ದಿನ ಆಯಿತು, ಇದನ್ನೂ ಮೆಷಿನ್‌ಗೆ ಕೊಟ್ಟರೆ ಅದಕ್ಕೆ ಬೇರೆ ನಾಬ್ ಬೇಕು.

ಆಲೆಮನೆ ಮನೆಯವನು: ನಾಬ್ ತಿರುಗಿಸಿ ಪಾಕ ಹಿಡಿಯೋಕೆ ಆಗಲ್ಲ. ಕೈಯಲ್ಲಿ ಹಿಡಿದವನಿಗೇ ಗೊತ್ತು.

ಹೂಟಗಳ್ಳಿ ಅಪ್ಪ: ನನ್ನ ಮಗಳು ಪಿಯುಸಿ ಕಾಮರ್ಸ್. ಈ ನ್ಯೂರಲ್ ಕೋರ್ಸ್‌ಗೆ ಒಂದು ಕಡೆ 45,000 ಕಟ್ಟಿದೆವು. ಎರಡನೇ ವಾರಕ್ಕೇ ಮ್ಯಾಟ್ರಿಕ್ಸ್ ಹಾಕಿದರು, ದುಡ್ಡು ವಾಪಸ್ ಇಲ್ಲ ಅಂದರು. ಕಾಮರ್ಸ್‌ನವರಿಗೆ ಬೇರೆ ಕೋರ್ಸ್ ಇದೆಯಾ?

ಸರಸ್ವತಿಪುರಂ ಕ್ಯಾಮೆರಾ: ಸರ್, ಇಲ್ಲಿ ಕೋರ್ಸ್ ವಿಷಯ ನಡೆಯುತ್ತಿಲ್ಲ. ಮೇಡಂ, ಬೆಲ್ಲದಲ್ಲಿ ನಂದಿ ಎಲ್ಲಿ? ಸಿಕ್ಕಿಹಾಕಿಕೊಳ್ಳುವುದನ್ನು ಹೇಗೆ ತೋರಿಸುತ್ತೀರಿ?

ಮಂಡ್ಯ ಮೇಡಂ: ನಿಮ್ಮ ನಂದಿಯ ಬಗ್ಗೆಯೇ ನನಗೆ ತಕರಾರು. ಬೆಟ್ಟದಲ್ಲಿ ಇರುವುದು ಎರಡೇ ದಿಕ್ಕು, ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ. ಅಂದರೆ ಎರಡೇ ನಾಬ್. 28ಕ್ಕೆ 28 ಚುಕ್ಕಿಯ ಅಂಕಿ ಚಿತ್ರವನ್ನು ನೇರ ಹತ್ತು ಉತ್ತರಕ್ಕೆ ಜೋಡಿಸಿದರೂ, ಉತ್ತರಕ್ಕೊಂದು ಹೆಚ್ಚಿನ ನಾಬ್ ಸೇರಿ 7,850 ನಾಬ್ ಆಗುತ್ತವೆ. ಗಾಣ, ಕೊಪ್ಪರಿಗೆಯ ಹಾಗೆ ಒಂದರ ಮುಂದೆ ಒಂದು ಪದರ ಹೆಚ್ಚಿದರೆ ಇನ್ನೂ ಜಾಸ್ತಿ. ಅಷ್ಟು ದಿಕ್ಕಿನಲ್ಲಿ ಎಲ್ಲ ಕಡೆಯೂ ನೆಲ ಏರಿರುವ ಗುಂಡಿ ಸಿಗುವುದು ಕಷ್ಟ. ಸಮ ಅನ್ನಿಸಿದ ಜಾಗದಲ್ಲೂ ಸಾಮಾನ್ಯವಾಗಿ ಯಾವುದೋ ಒಂದು ಕಡೆ ಇಳಿಜಾರು ಇದ್ದೇ ಇರುತ್ತದೆ.

ಸರಸ್ವತಿಪುರಂ ಕ್ಯಾಮೆರಾ: 7,850 ದಿಕ್ಕನ್ನು ಯಾವ ಕ್ಯಾಮೆರಾದಲ್ಲಿ ತೆಗೆಯಲಿ? ಮಕ್ಕಳ ಕಣ್ಣಿಗೆ ಏನಾದರೂ ಕಾಣಬೇಕಲ್ಲ. ನಿಮ್ಮ ಎರಡು ನಾಬನ್ನೇ ನನ್ನ ಬೆಟ್ಟದ ಮೇಲೆ ಇಡಬಹುದು. ಗಾಣ ಪೂರ್ವ-ಪಶ್ಚಿಮ, ಕೊಪ್ಪರಿಗೆ ಉತ್ತರ-ದಕ್ಷಿಣ. ನಿಂತ ಜಾಗ ನಾಬ್‌ಗಳ ಸ್ಥಿತಿ, ಎತ್ತರ ಬೆಲ್ಲದ ತಪ್ಪು.

ಮಂಡ್ಯ ಮೇಡಂ: ಅದು ಒಪ್ಪುತ್ತೇನೆ. ಬೆಟ್ಟ ಯಾವುದರಿಂದ ಆಗಿದೆ ಅಂತ ಮಕ್ಕಳನ್ನು ಕೇಳಿ ನೋಡಿ. "ಡೇಟಾದ ರಾಶಿ" ಅಂತಾರೆ. ಅದು ತಪ್ಪು. ಡೇಟಾ ಬೆಟ್ಟದ ಆಕಾರ ನಿರ್ಧರಿಸುತ್ತದೆ, ಅಷ್ಟೇ. ಕಬ್ಬಿನ ಗದ್ದೆ ಬದಲಾದರೆ ಬೆಟ್ಟವೇ ಬದಲು.

ಜೀವಶಾಸ್ತ್ರ ಮೇಷ್ಟ್ರು: ನಾಬ್ ತಿರುಗಿಸುವವರು ಯಾರು? ಒಳಗೆ ಒಬ್ಬ ಕೂತಿದ್ದಾನಾ? ನಿಮ್ಮ ಹೋಲಿಕೆಯಲ್ಲೂ ಮನುಷ್ಯ ನುಸುಳಿದ. ಇದಕ್ಕಿಂತ ನನ್ನ ಮಗುವೇ ವಾಸಿ.

ಮಂಡ್ಯ ಮೇಡಂ: ಈ ಪ್ರಶ್ನೆ ಹಾಸ್ಟೆಲ್‌ನ ಒಬ್ಬ ಹುಡುಗಿಯೂ ಕೇಳಿದಳು. ಯಾರೂ ಇಲ್ಲ ಸರ್. "ತಪ್ಪಿದ್ದರಲ್ಲಿ ಅರ್ಧ ತಿರುಗಿಸು" ಅನ್ನುವ ನಿಯಮ ಮಾತ್ರ ಇದೆ. ಬೆಲ್ಲ ಅಂದರೇನು ಅಂತ ಆ ನಿಯಮಕ್ಕೆ ಗೊತ್ತಿಲ್ಲ. ಅದಕ್ಕೇ ಸ್ಕ್ರಿಪ್ಟ್‌ನಲ್ಲಿ ಕೆಲಸದವರ ಪಾತ್ರ ಇಡಬೇಡಿ, ನಿಯಮವನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ ಅನ್ನುತ್ತೇನೆ.

ಇನ್ನೊಂದು ಕೊರತೆ ಇದೆ. ಗಾಣ, ಕೊಪ್ಪರಿಗೆ ಎರಡೂ ಬರೀ ಗುಣಾಕಾರ. 0.6, 0.1 ಎರಡನ್ನೂ ಸೇರಿಸಿ 0.06ರ ಒಂದೇ ನಾಬ್ ಮಾಡಿದರೂ ಉತ್ತರ ಅದೇ. ಪದರ ಹಾಕಿದ್ದಕ್ಕೆ ಫಲ ಸಿಗಬೇಕಾದರೆ ನಡುವೆ ಒಂದು ಬಾಗು ಬೇಕು, ಹಾಲು ಇಷ್ಟಕ್ಕಿಂತ ಕಡಿಮೆ ಇದ್ದರೆ ಒಲೆಯನ್ನೇ ಹಚ್ಚುವುದಿಲ್ಲ ಅನ್ನುವ ಹಾಗೆ. ಹತ್ತು ನಿಮಿಷದಲ್ಲಿ ಇದು ಹಿಡಿಸುವುದಿಲ್ಲ. ನಾನು ಎರಡನೇ ವಿಡಿಯೋಗೆ ಇಟ್ಟೆ.

ಆಲೆಮನೆ ಮನೆಯವನು: ಹಾಲು ಕಡಿಮೆ ಇದ್ದರೆ ಒಲೆ ಹಚ್ಚಲ್ಲ, ಅದು ನಿಜ. ಕೊಪ್ಪರಿಗೆ ಸೀಯುತ್ತದೆ. ಇದೊಂದು ಸರಿಯಾಗಿ ಹೇಳಿದಿರಿ. 100 ಕೆಜಿ ಮಾತ್ರ ತಿದ್ದಿ.

ಕೇಳಿದವರು: ನನ್ನ ಮಕ್ಕಳಲ್ಲಿ ಅರ್ಧ ಜನ ಆಲೆಮನೆ ಒಳಗೆ ಕಾಲಿಟ್ಟವರೇ ಅಲ್ಲ, ಪೇಟೆ ಮಕ್ಕಳು. ಅವರಿಗೆ ಗಾಣವನ್ನೇ ಮೊದಲು ವಿವರಿಸಬೇಕಾದರೆ ಎರಡು ನಿಮಿಷ ಅಲ್ಲೇ ಹೋಯಿತು. ಒಂದು ನಾಬ್‌ನ 60, 80, 90 ಲೆಕ್ಕ ಇಟ್ಟುಕೊಂಡು, ಗಾಣದ ಭಾಗಕ್ಕೆ ಕಬ್ಬಿನ ಹಾಲು ಮಾರುವವರ ಮೆಷಿನ್ ತೋರಿಸಿದರೆ ನಡೆಯುತ್ತದಾ ಮೇಡಂ?

ಆಲೆಮನೆ ಮನೆಯವನು: ಆ ಮೆಷಿನ್‌ನಲ್ಲಿ ನಿಂಬೆಹಣ್ಣು, ಶುಂಠಿ ಸೇರಿಸಿ ಅರೆಯುತ್ತಾರೆ. ಅದರ ಹಾಲಿಂದ ಬೆಲ್ಲ ಆಗಲ್ಲ.