ಫಾರ್ಮ್ ತುಂಬಿದವರಿಗೇ ನೆನಪಿಲ್ಲ ಅಂದ್ರೆ

"ಅಕ್ಕಾ, ನಮ್ಮ ಇಂಟೀರಿಯರ್ ಕೆಲಸಕ್ಕೆ ಫೇಸ್‌ಬುಕ್‌ನಲ್ಲಿ ಫಾರ್ಮ್ ಜಾಹೀರಾತು ಹಾಕಿದ್ವಿ. ಹೆಸರು ತುಂಬಾ ಬರ್ತಿವೆ, ಫೋನ್ ಮಾಡಿದ್ರೆ 'ನಾನ್ಯಾವ ಫಾರ್ಮೂ ತುಂಬಿಲ್ಲ' ಅಂತಾರೆ. ಇದನ್ನ ಬಿಟ್ಟು ವಾಟ್ಸಾಪ್ ಜಾಹೀರಾತು ಹಾಕೋದಾ?"

ಈಗಲೇ ಬಿಡ್ಬೇಡ ಕಣೋ. ಅವರು ಸುಳ್ಳು ಹೇಳ್ತಿಲ್ಲ, ನಿಜವಾಗ್ಲೂ ನೆನಪಿರಲ್ಲ. ಫಾರ್ಮ್ ತೆರೆದ ಕೂಡ್ಲೇ ಹೆಸರು, ನಂಬರ್ ಎಲ್ಲಾ ಅವರ ಪ್ರೊಫೈಲಿಂದ ತಾನಾಗೇ ತುಂಬ್ಕೊಂಡಿರುತ್ತೆ. ಅಡುಗೆಮನೆ ಫೋಟೋ ಚೆನ್ನಾಗಿದೆ ಅಂತ ಎರಡು ಸಲ ಒತ್ತಿದ್ರೆ ಮುಗೀತು. ಕೆಲವರದ್ದು ಯಾವಾಗ್ಲೋ ಕೊಟ್ಟಿದ್ದ ಹಳೇ ನಂಬರ್ ಇರುತ್ತೆ, ಅದಕ್ಕೇ ಫೋನ್ ಬೇರೆ ಯಾರಿಗೋ ಹೋಗುತ್ತೆ.

ಹಾಗಾಗಿ ಫಾರ್ಮ್ ಸ್ವಲ್ಪ ಕಷ್ಟ ಮಾಡು. ಒಂದ್ಸಲ ಪಬ್ಲಿಷ್ ಆದ ಫಾರ್ಮನ್ನ ತಿದ್ದೋಕಾಗಲ್ಲ, ನಕಲು ಮಾಡ್ಕೊಂಡು ಹೊಸದು ಮಾಡು. ಅದರಲ್ಲಿ More volume ಬದಲು Higher intent ಆರಿಸು. ಆಗ ಕಳಿಸೋಕೆ ಮುಂಚೆ ತಮ್ಮ ವಿವರ ಒಂದ್ಸಲ ನೋಡಿ ಖಚಿತ ಮಾಡ್ಬೇಕಾಗುತ್ತೆ, ತಪ್ಪು ನಂಬರ್ ಅಲ್ಲೇ ಕಣ್ಣಿಗೆ ಬೀಳುತ್ತೆ.

ಆಮೇಲೆ ಎರಡೇ ಎರಡು ಪ್ರಶ್ನೆ ಸೇರಿಸು. ಬಜೆಟ್ ಕೇಳ್ಬೇಡ, ಎಲ್ಲರೂ ಕಮ್ಮಿದೇ ಒತ್ತುತಾರೆ. "ಮನೆ ಕೀಲಿ ಕೈಗೆ ಬಂದಿದೆಯಾ?" ಅಂತ ಕೇಳು. ಬಂದಿದೆ, ಮೂರು ತಿಂಗಳೊಳಗೆ ಬರುತ್ತೆ, ಇನ್ನೂ ಮನೆ ಹುಡುಕ್ತಿದ್ದೀವಿ, ಈ ಮೂರರಲ್ಲಿ ಒಂದು ಆರಿಸ್ಲಿ. ಎರಡನೇದು ಕೈಯಾರೆ ಟೈಪ್ ಮಾಡೋದಿರ್ಲಿ: "ಮೊದಲು ಯಾವ ಕೋಣೆ ಮಾಡಿಸ್ಬೇಕು, ಏನು ತೊಂದರೆ ಇದೆ?" "ಅಡುಗೆಮನೇಲಿ ಪಾತ್ರೆ ಇಡೋಕೆ ಜಾಗ ಇಲ್ಲ" ಅಂತ ಬರೆದವರು ನೀನು ಫೋನ್ ಮಾಡಿದಾಗ ಮರೆತಿರಲ್ಲ. ಮಾತು ಶುರು ಮಾಡೋದೂ ಅಲ್ಲಿಂದ್ಲೇ, "ಪಾತ್ರೆಗೆ ಜಾಗ ಇಲ್ಲ ಅಂದಿದ್ರಲ್ಲ" ಅಂತ.

ಹೆಸರು ಕಮ್ಮಿಯಾಗುತ್ತೆ, ಒಂದೊಂದು ಹೆಸರಿಗೆ ಬೀಳೋ ಖರ್ಚೂ ಜಾಸ್ತಿಯಾಗುತ್ತೆ. ಅದನ್ನ ನೋಡಿ ಹೆದರಿ ಹಳೇ ಫಾರ್ಮಿಗೆ ಹೋಗ್ಬೇಡ. ಅಷ್ಟೇ ದುಡ್ಡಲ್ಲಿ ಮೊದಲು ನಲವತ್ತು ಹೆಸರು ಬಂದು ಎರಡು ಮನೆ ಅಳತೆಗೆ ಹೋಗಿದ್ದೆ, ಈಗ ಹದಿನೈದೇ ಬಂದು ನಾಲ್ಕು ಮನೆಗೆ ಹೋದೆ ಅಂದ್ಕೋ, ಒಂದು ಅಳತೆಗೆ ಬಿದ್ದ ಖರ್ಚು ಅರ್ಧ ಆಯ್ತು. ನೀನು ಲೆಕ್ಕ ಹಾಕ್ಬೇಕಾದ್ದು ಅಳತೆಗೆ ಹೋದ ಮನೆಗಳನ್ನ.

ಇನ್ನೊಂದು, ಆ ಪಟ್ಟಿ ವಾರಕ್ಕೊಂದ್ಸಲ ಡೌನ್‌ಲೋಡ್ ಮಾಡ್ತಿದ್ದೀಯಾ ಅಂತ ನಂಗೆ ಅನುಮಾನ. ಐದು ದಿನ ಆದ್ಮೇಲೆ ಫೋನ್ ಮಾಡಿದ್ರೆ ಯಾರಿಗೆ ನೆನಪಿರುತ್ತೆ? ಬಂದ ಕೂಡ್ಲೇ ನಿನ್ನ ಫೋನಿಗೆ ತಿಳಿಯೋ ಹಾಗೆ ಮಾಡ್ಕೋ, ಅದೇ ಗಂಟೇಲಿ ಮಾತಾಡು. 90 ದಿನ ಆದ್ಮೇಲಂತೂ ಆ ಹೆಸರು ಅಲ್ಲಿಂದ ಸಿಗೋದೂ ಇಲ್ಲ.

ವಾಟ್ಸಾಪ್ ಜಾಹೀರಾತಲ್ಲಿ ನಂಬರ್ ಅಂತೂ ಬಳಕೇಲಿರೋದೇ ಬರುತ್ತೆ, ಮನೆ ಪ್ಲಾನ್ ಫೋಟೋನೂ ಅಲ್ಲೇ ಕಳಿಸ್ತಾರೆ. ಆದ್ರೆ "ಮಾಹಿತಿ ಬೇಕು" ಅನ್ನೋ ಸಿದ್ಧ ಮೆಸೇಜು ಅಲ್ಲೂ ಒಂದೇ ಒತ್ತಿಗೆ ಬರುತ್ತೆ. ಜನ ಬಿಡುವಾಗಿ ಬರೆಯೋದು ರಾತ್ರಿ ಹೊತ್ತು, ಆಗ ಉತ್ತರ ಕೊಡೋಕೆ ನಿಮ್ಮಲ್ಲಿ ಯಾರಿದ್ದಾರೆ ಹೇಳು. ಒಬ್ಬರು ಕೂರ್ತಾರೆ ಅಂದ್ರೆ ಅದನ್ನೂ ಸಣ್ಣದಾಗಿ ಶುರು ಮಾಡೋಣ. ಈಗ ಹಳೇ ಫಾರ್ಮಿನ ಸ್ಕ್ರೀನ್‌ಶಾಟ್ ಕಳಿಸು, ಪ್ರಶ್ನೆ ಇಬ್ಬರೂ ಸೇರಿ ಬರೆಯೋಣ.