ಕಂಪನಿ ಮುಖ್ಯಸ್ಥರಿಗೆ ಬರೆಯುವ ಮೊದಲ ಸಿಎಸ್‌ಆರ್ ಪತ್ರ: ಬರೆದವರ ಮತ್ತು ಓದಿದವರ ಅನುಭವ

ಜಗಳೂರಿನಿಂದ ಕೇಳಿದ್ದು: "ಹಳ್ಳಿಯ ಯುವತಿಯರಿಗೆ ಹೊಲಿಗೆ ತರಬೇತಿ ಕೊಡುವ ಸಣ್ಣ ಟ್ರಸ್ಟ್ ನಮ್ಮದು. ಹರಿಹರದ ಬಳಿ ಕಾರ್ಖಾನೆಯಿರುವ ಒಂದು ಕಂಪನಿಯ ಮುಖ್ಯಸ್ಥರಿಗೆ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹಣದಲ್ಲಿ ಸಹಭಾಗಿತ್ವ ಕೋರಿ ಇ-ಮೇಲ್ ಬರೆಯಬೇಕಾಗಿದೆ. ಹಿಂದೆ ಇಬ್ಬರಿಗೆ ಬರೆದಿದ್ದೆವು, ಉತ್ತರ ಬರಲಿಲ್ಲ. ಏನು ಬರೆಯಬೇಕು, ಏನು ಬಿಡಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ."

ದಾವಣಗೆರೆಯ ನಿವೃತ್ತ ಸಿಎಸ್‌ಆರ್ ಅಧಿಕಾರಿ: ಒಂದು ಕಂಪನಿಯಲ್ಲಿ ಒಂಬತ್ತು ವರ್ಷ ಇಂಥ ಪತ್ರಗಳನ್ನು ಓದುವ ಕೆಲಸ ನನ್ನದಾಗಿತ್ತು. ಮುಖ್ಯಸ್ಥರಿಗೆ ಬಂದ ಪತ್ರವನ್ನು ಅವರು "ನೋಡಿ" ಎಂದಷ್ಟೇ ಬರೆದು ನನಗೆ ಕಳುಹಿಸುತ್ತಿದ್ದರು, ನನ್ನಿಂದ ಅದು ಲೆಕ್ಕಪತ್ರ ವಿಭಾಗಕ್ಕೆ ಹೋಗುತ್ತಿತ್ತು. ಕೊಟ್ಟ ಹಣ ಉದ್ದೇಶಿಸಿದ ಕೆಲಸಕ್ಕೇ ಬಳಕೆಯಾಗಿದೆ ಎಂದು ಹಣಕಾಸು ಮುಖ್ಯಸ್ಥರು ಆಡಳಿತ ಮಂಡಳಿಗೆ ದೃಢೀಕರಿಸಿ ಕೊಡಬೇಕಾಗುತ್ತದೆ. ಆದ್ದರಿಂದ ಪತ್ರದ ವಿಳಾಸದಲ್ಲಿ ಮುಖ್ಯಸ್ಥರ ಹೆಸರಿದ್ದರೂ, ಅದನ್ನು ಕೊನೆಗೆ ಓದುವವರು ಲೆಕ್ಕದವರೆಂಬುದನ್ನು ಮನಸ್ಸಿನಲ್ಲಿಟ್ಟು ಬರೆಯಿರಿ.

ಉತ್ತರ ಸಿಗದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಟ್ರಸ್ಟಿನ ಸ್ಥಾಪನೆ, ಧ್ಯೇಯ, ಸನ್ಮಾನಗಳಿಗೆ ಎರಡು ಪುಟ ಮುಗಿದಿರುತ್ತಿತ್ತು. ಎಷ್ಟು ಜನರಿಗೆ, ಎಲ್ಲಿ, ಎಷ್ಟು ಹಣದಲ್ಲಿ ಎಂಬುದು ಎಲ್ಲಿಯೂ ಇರುತ್ತಿರಲಿಲ್ಲ, ಅಥವಾ "ತಮ್ಮ ಕೈಲಾದಷ್ಟು ನೆರವು" ಎಂದಿರುತ್ತಿತ್ತು. ಕೈಲಾದಷ್ಟು ಎಂದರೆ ಎಷ್ಟೆಂದು ನಾನು ಯಾರನ್ನು ಕೇಳಲಿ? ವಿಷಯದ ಸಾಲಿನಲ್ಲಿಯೇ "ಜಗಳೂರು ತಾಲ್ಲೂಕು: 60 ಯುವತಿಯರಿಗೆ ಹೊಲಿಗೆ ತರಬೇತಿ, 7.05 ಲಕ್ಷ ರೂಪಾಯಿಯ ಸಿಎಸ್‌ಆರ್ ಪ್ರಸ್ತಾವ" ಎಂಬಂತೆ ಇರಲಿ. ಕಾನೂನು ಕಾರ್ಖಾನೆಯ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಲು ಹೇಳುವುದರಿಂದ ತಾಲ್ಲೂಕಿನ ಹೆಸರು ಮೊದಲು ಬರುವುದು ಒಳ್ಳೆಯದು.

ಎರಡನೆಯದಾಗಿ, ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಪಡೆಯುವ ಸಿಎಸ್‌ಆರ್-1 ನೋಂದಣಿ ಸಂಖ್ಯೆ. 2021ರ ಏಪ್ರಿಲ್‌ನಿಂದ ಇದಿಲ್ಲದ ಸಂಸ್ಥೆಗೆ ಕಂಪನಿ ಈ ಬಾಬ್ತಿನಲ್ಲಿ ಯೋಜನೆ ವಹಿಸುವಂತಿಲ್ಲ. ನಿಮ್ಮಂಥ ಟ್ರಸ್ಟಿಗೆ ಅದರ ಜೊತೆಗೆ ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ನೋಂದಣಿಯೂ, ಇಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವವೂ ಬೇಕು. ಈ ಮೂರು ನೋಂದಣಿಗಳನ್ನು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ. ಲಗತ್ತುಗಳಲ್ಲಿ ಹುಡುಕುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಚಿತ್ರದುರ್ಗದ ಒಬ್ಬ ಕಾಲೇಜು ಉಪನ್ಯಾಸಕರು: ಇಷ್ಟೊಂದು ವಿನಯ ಏಕೆ ಬೇಕು? ಲಾಭದ ಶೇ 2ನ್ನು ಸಮಾಜಕ್ಕೆ ಕೊಡುವುದು 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ಪ್ರತಿ ಕಂಪನಿಗೂ ಕಡ್ಡಾಯ. ಅದನ್ನೇ ಮೊದಲ ಸಾಲಿನಲ್ಲಿ ನೆನಪಿಸಿ. ಆದರೆ ನಿಮ್ಮ ಸಿಬ್ಬಂದಿಯ ಸಂಬಳ ಒಟ್ಟು ವೆಚ್ಚದ ಶೇ 5ನ್ನು ದಾಟಬಾರದು, ಆ ಎಚ್ಚರ ಇರಲಿ.

ದಾವಣಗೆರೆಯ ನಿವೃತ್ತ ಅಧಿಕಾರಿ: ಪ್ರತಿ ಕಂಪನಿಗೂ ಅಲ್ಲ ಸರ್. ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಾದರೂ ಇದ್ದವರಿಗೆ ಅನ್ವಯಿಸುತ್ತದೆ; ಶೇ 2 ಎಂಬುದು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಮೇಲಿನ ಲೆಕ್ಕ. csr.gov.in ತಾಣದಲ್ಲಿ ಆ ಕಂಪನಿ ಹಿಂದೆ ಯಾವ ಕೆಲಸಕ್ಕೆ ಎಷ್ಟು ಖರ್ಚು ಮಾಡಿದೆ ಎಂಬುದು ಸಿಗುತ್ತದೆ. ಅದನ್ನು ನೋಡದೆ ಬರೆಯಬಾರದು. ಇನ್ನು ಶೇ 5ರ ಮಿತಿ ಕಂಪನಿಯ ತನ್ನದೇ ಸಿಎಸ್‌ಆರ್ ಆಡಳಿತ ವೆಚ್ಚಕ್ಕೆ ಸಂಬಂಧಿಸಿದ್ದು. ಹೊಲಿಗೆ ಕಲಿಸುವವರ ಸಂಬಳ ಯೋಜನೆಯದೇ ಖರ್ಚು, ಅದಕ್ಕೆ ಆ ಮಿತಿ ತಗಲುವುದಿಲ್ಲ.

ಉಪನ್ಯಾಸಕರು: ತಿದ್ದಿದ್ದಕ್ಕೆ ಧನ್ಯವಾದ. ಆದರೂ ನಮ್ಮ ಪರಿಚಯದ ಸಂಸ್ಥೆಯೊಂದಕ್ಕೆ ಕಂಪನಿಯವರು ಸಂಬಳದ ಬಾಬ್ತನ್ನೇ ಕಡಿತ ಮಾಡಿಸಿದ್ದು ನಿಜ.

ನಿವೃತ್ತ ಅಧಿಕಾರಿ: ಕೆಲವು ಕಂಪನಿಗಳು ತಮ್ಮದೇ ನೀತಿಯಲ್ಲಿ ಅಂಥ ಮಿತಿ ಹಾಕಿಕೊಂಡಿರುತ್ತವೆ. ಅದನ್ನು ಮೊದಲ ಭೇಟಿಯಲ್ಲಿ ಕೇಳಿ ತಿಳಿಯುವುದೇ ಸರಿ.

ಚಳ್ಳಕೆರೆಯ ಹೊಲಿಗೆ ಶಿಕ್ಷಕಿ: ಹಣ ಕೇಳುವುದಕ್ಕಿಂತ ನಮ್ಮ ಹುಡುಗಿಯರಿಗೆ ಅವರ ಕಾರ್ಖಾನೆಯಲ್ಲೇ ಕೆಲಸ ಕೊಡಿ ಎಂದು ಕೇಳುವುದು ಮೇಲಲ್ಲವೇ? ನಾವು ಹಾಗೆಯೇ ಮಾಡಿದೆವು. ಒಂದು ಗಾರ್ಮೆಂಟ್ಸ್‌ನವರಿಗೆ, ನಿಮ್ಮ ಪವರ್ ಮೆಷಿನ್ನಿಗೆ ತಕ್ಕಂತೆಯೇ ಕಲಿಸಿ ಕೊಡುತ್ತೇವೆ, ಖರ್ಚನ್ನು ಸಿಎಸ್‌ಆರ್‌ನಲ್ಲಿ ಕೊಡಿ ಎಂದು ಬರೆದಿದ್ದೆವು. ಮುಖ್ಯಸ್ಥರಿಗೆ ಬಹಳ ಇಷ್ಟವಾಯಿತು. ಆಮೇಲೆ ಅವರ ಲೆಕ್ಕದವರು ಇದು ನಮ್ಮದೇ ನೇಮಕಾತಿಯ ಖರ್ಚಾಗುತ್ತದೆ ಎಂದು ತಡೆದುಬಿಟ್ಟರು. ಮೂವತ್ತು ಮಕ್ಕಳು ಹೆಸರು ಕೊಟ್ಟು ಕಾದಿದ್ದರು. ಅವರ ಮನೆಗಳಿಗೆ ಹೋಗಿ ತರಗತಿ ಇಲ್ಲ ಎಂದು ಹೇಳಿದ್ದು ಇವತ್ತಿಗೂ ಮನಸ್ಸಿಗೆ ನೋವು ಕೊಡುತ್ತದೆ.

ನಿವೃತ್ತ ಅಧಿಕಾರಿ: ಅಮ್ಮಾ, ಅವರು ತಡೆದಿದ್ದಕ್ಕೆ ಕಾರಣವಿದೆ. ಕಂಪನಿ ತನ್ನ ವ್ಯವಹಾರದ ಸಹಜ ಭಾಗವಾಗಿ ಮಾಡುವ ಕೆಲಸವನ್ನು ಸಿಎಸ್‌ಆರ್ ಎಂದು ತೋರಿಸುವಂತಿಲ್ಲ. ಕಲಿತವರು ಎಲ್ಲಿ ಬೇಕಾದರೂ ಕೆಲಸಕ್ಕೆ ಸೇರಬಹುದು ಎಂದು ಬರೆದಿದ್ದರೆ ಬಹುಶಃ ದಾಟುತ್ತಿತ್ತು. ಕಲಿತವರಲ್ಲಿ ಕೆಲವರನ್ನು ಅದೇ ಕಂಪನಿ ತೆಗೆದುಕೊಂಡರೆ ಹೇಗೆ ಎಂಬುದರಲ್ಲಿ ನಮ್ಮ ಲೆಕ್ಕಪರಿಶೋಧಕರಲ್ಲೇ ಒಮ್ಮತ ಇರಲಿಲ್ಲ.

ಹೊನ್ನಾಳಿಯ ಟ್ರಸ್ಟ್ ಕಾರ್ಯದರ್ಶಿ: ನಮಗೆ ಮೂರನೆಯ ಪ್ರಯತ್ನದಲ್ಲಿ ಉತ್ತರ ಬಂತು. ಮೇಲೆ ಹೇಳಿದ 7.05 ಲಕ್ಷದಂಥ ಮೊತ್ತ ಹೇಗೆ ಬರುತ್ತದೆ ಎಂಬುದಕ್ಕೆ ನಾವು ಲೆಕ್ಕ ಹಾಕುವ ಬಗೆಯನ್ನು ಹೇಳುತ್ತೇನೆ. ಮೂವತ್ತು ಜನರ ಎರಡು ಬ್ಯಾಚ್, ಒಂದೊಂದಕ್ಕೆ ಮೂರು ತಿಂಗಳು. ತಿಂಗಳಿಗೆ 22,000ದಂತೆ ಇಬ್ಬರು ಶಿಕ್ಷಕಿಯರಿಗೆ ಆರು ತಿಂಗಳಿಗೆ 2,64,000 ರೂಪಾಯಿ. ಬಟ್ಟೆ, ದಾರ, ಸೂಜಿಗೆ ತಲಾ 1,500ರಂತೆ 90,000. ಬಸ್ಸಿನ ಖರ್ಚಿಗೆ ತಲಾ ತಿಂಗಳಿಗೆ 600ರಂತೆ 1,08,000. ಬಾಡಿಗೆ, ಪರೀಕ್ಷೆ, ಮೆಷಿನ್ ದುರಸ್ತಿಗೆ ಒಟ್ಟು 1,08,000. ಉಳಿದ 1,35,000 ಒಬ್ಬ ಸಂಯೋಜಕಿಗೆ, ತಿಂಗಳಿಗೆ 15,000ದಂತೆ ಒಂಬತ್ತು ತಿಂಗಳಿಗೆ. ಒಬ್ಬರಿಗೆ 11,750 ಬೀಳುತ್ತದೆ. ಪತ್ರದಲ್ಲಿ ಈ ಕೊನೆಯ ಸಂಖ್ಯೆ ಮತ್ತು ಒಟ್ಟು ಮೊತ್ತ ಸಾಕು, ಉಳಿದದ್ದು ಒಂದು ಪುಟದ ಲಗತ್ತಿನಲ್ಲಿರಲಿ.

ತರಬೇತಿ ಆರೇ ತಿಂಗಳು, ಸಂಯೋಜಕಿಗೆ ಒಂಬತ್ತು ತಿಂಗಳು ಏಕೆ ಎಂದು ಅವರು ಕೇಳುತ್ತಾರೆ, ಕೇಳಲಿ. ಆ ಹೆಚ್ಚಿನ ಮೂರು ತಿಂಗಳು ಕಲಿತವರು ಹೊಲಿಯುತ್ತಿದ್ದಾರೆಯೇ ಎಂದು ವಿಚಾರಿಸುವುದಕ್ಕೆ. ನಮ್ಮ ಮೊದಲ ಭೇಟಿಯಲ್ಲಿ ಆ ಮುಖ್ಯಸ್ಥರು ಕೇಳಿದ್ದು ಒಂದೇ ಪ್ರಶ್ನೆ: "ಹೋದ ವರ್ಷ ಕಲಿತವರಲ್ಲಿ ಇವತ್ತು ಎಷ್ಟು ಜನ ಹೊಲಿಯುತ್ತಿದ್ದಾರೆ?" ನಮ್ಮ ಬಳಿ ಕೊಟ್ಟ ಸರ್ಟಿಫಿಕೇಟುಗಳ ಲೆಕ್ಕವಿತ್ತು, ಇದರ ಲೆಕ್ಕವಿರಲಿಲ್ಲ. ಹಿಂತಿರುಗಿ ಬಂದು ನೋಟ್‌ಬುಕ್ ಇಟ್ಟುಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿದೆವು. 48 ಜನರಲ್ಲಿ 19 ಜನ ದುಡಿಯುತ್ತಿದ್ದರು. ಬಿಟ್ಟವರಲ್ಲಿ ಹೆಚ್ಚಿನವರು ಹೇಳಿದ ಕಾರಣ ಒಂದೇ: ಕೆಲಸ ಬಿಡುವ ಹೊತ್ತಿಗೆ ಊರಿನ ಕೊನೆಯ ಬಸ್ಸು ಹೋಗಿರುತ್ತದೆ. ಅದನ್ನು ಮುಚ್ಚಿಡದೆ, 19 ಎಂಬ ಸಂಖ್ಯೆಯನ್ನೂ ಬಸ್ಸಿನ ವಿಷಯವನ್ನೂ ಪತ್ರದಲ್ಲೇ ಬರೆದು, ಈ ಸಲ ಮನೆಯಲ್ಲೇ ಹೊಲಿಯಬಹುದಾದ ರವಿಕೆ, ಶಾಲಾ ಸಮವಸ್ತ್ರದ ಕೆಲಸಕ್ಕೆ ಅರ್ಧ ತಂಡವನ್ನು ಸಿದ್ಧಪಡಿಸುತ್ತೇವೆ ಎಂದೆವು. ಉತ್ತರ ಬಂದದ್ದು ಆ ಪತ್ರಕ್ಕೆ. ಕೊನೆಯ ಸಾಲಿನಲ್ಲಿ ಹಣ ಕೇಳಿರಲಿಲ್ಲ. "ಮುಂದಿನ ತಿಂಗಳು ಯಾವುದಾದರೂ ಬುಧವಾರ ನಮ್ಮ ತರಗತಿಗೆ ತಮ್ಮ ಪ್ರತಿನಿಧಿಯೊಬ್ಬರನ್ನು ಕಳುಹಿಸಿಕೊಡಬೇಕೆಂದು ಕೋರುತ್ತೇವೆ" ಎಂದಷ್ಟೇ ಇತ್ತು.

ಜಗಳೂರಿನಿಂದ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ನಮ್ಮಲ್ಲಿಯೂ ಸರ್ಟಿಫಿಕೇಟಿನ ಲೆಕ್ಕ ಮಾತ್ರ ಇದೆ, ನಾಳೆಯಿಂದಲೇ ಫೋನ್ ಮಾಡಲು ಕೂರುತ್ತೇವೆ. ಒಂದು ಪ್ರಶ್ನೆ ಉಳಿಯಿತು. ಪತ್ರ ಕನ್ನಡದಲ್ಲಿರಬೇಕೋ, ಇಂಗ್ಲಿಷಿನಲ್ಲೋ?

ಹೊನ್ನಾಳಿಯ ಕಾರ್ಯದರ್ಶಿ: ನಾವು ಕನ್ನಡದಲ್ಲೇ ಬರೆದೆವು, ಅವರು ಈ ಕಡೆಯವರೇ.

ನಿವೃತ್ತ ಅಧಿಕಾರಿ: ನಮ್ಮ ಮುಖ್ಯ ಕಚೇರಿ ಮುಂಬೈಯಲ್ಲಿತ್ತು, ಕನ್ನಡದ ಪತ್ರಗಳನ್ನು ನಾನೇ ಅನುವಾದಿಸಿ ಕಳುಹಿಸಬೇಕಾಗುತ್ತಿತ್ತು, ಅದರಲ್ಲಿ ಹದಿನೈದು ದಿನ ಹೋಗುತ್ತಿತ್ತು. ಆ ಕಂಪನಿಯ ಆಡಳಿತ ಮಂಡಳಿ ಎಲ್ಲಿ ಸೇರುತ್ತದೆ ಎಂದು ಮೊದಲು ವಿಚಾರಿಸಿ.