ಹತ್ತರ ‘ತನಕ’ನಾ, ಹತ್ತರ ‘ಒಳಗೆ’ನಾ?

ಪ್ರಶ್ನೆ (ಬಸವನಗುಡಿಯಿಂದ): ತಮ್ಮ ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಜುಲೈ 3ಕ್ಕೆ ಕೊಡಬೇಕಾದ ಚಾಪ್ಟರ್‌ಗೆ ಗೈಡ್ ಹತ್ತಿರ ಒಂದು ವಾರ ಟೈಮ್ ಕೇಳಬೇಕಂತೆ. ಮೇಲ್ ಹೀಗಿದೆ: ‘ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ಹ್ಯಾವಿಂಗ್ ಫೀವರ್ ಸಿನ್ಸ್ ಫೈವ್ ಡೇಸ್. ಐ ವಿಲ್ ಸಬ್ಮಿಟ್ ಚಾಪ್ಟರ್ ಟೂ ಟಿಲ್ 10/07. ಕೈಂಡ್ಲಿ ಡು ದ ನೀಡ್‌ಫುಲ್.’ ತಪ್ಪಿದ್ದರೆ ಹೇಳಿ.

ಕಾಲೇಜು ಮೇಷ್ಟ್ರು: ‘ಸಿನ್ಸ್’ ತೆಗೆದು ‘ಫಾರ್’ ಹಾಕಿ. ಜ್ವರದ ಜೊತೆ ‘ಸಿನ್ಸ್’ ಬರುವುದೇ ಇಲ್ಲ. ಮಿಕ್ಕಿದ್ದು ಸರಿ ಇದೆ.

ಪ್ರೂಫ್ ರೀಡರ್, ಜಯನಗರ: ಮೇಷ್ಟ್ರೇ, ‘ಸಿನ್ಸ್ ಮಂಡೇ’ ಅಂದರೆ ಸರಿಯೇ. ಎಷ್ಟು ದಿನ ಅಂತ ಲೆಕ್ಕ ಹೇಳುವಾಗ ಮಾತ್ರ ‘ಫಾರ್’. ನಮ್ಮ ‘ಸೋಮವಾರದಿಂದ’, ‘ಐದು ದಿನದಿಂದ’ ಎರಡರಲ್ಲೂ ‘ಇಂದ’ ಒಂದೇ ಇರುವುದರಿಂದ ಈ ಎಡವಟ್ಟು.

ಆದರೆ ಜ್ವರ ಆಮೇಲೆ. ಮೊದಲು ತಾರೀಖು ನೋಡಿ. 10/07 ನಮಗೆ ಜುಲೈ ಹತ್ತು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಅವರಿಗೆ ಅದು ಅಕ್ಟೋಬರ್ ಏಳು. ಒಂದು ವಾರ ಕೇಳಲು ಹೋಗಿ ಮೂರು ತಿಂಗಳು ಕೇಳಿದ ಹಾಗಾಗುತ್ತದೆ! ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಲಿ.

ಇನ್ನು ‘ಟಿಲ್’. ‘ಹತ್ತರ ತನಕ ಬರೀತಾ ಇರ್ತೀನಿ’ ಅನ್ನುವುದಕ್ಕೆ ಅದು ಸರಿ. ಕಳಿಸುವುದು ಒಂದೇ ಸಲ ಅಲ್ವಾ? ಅದಕ್ಕೆ ‘ಒಳಗೆ’ ಬೇಕು, ಅಂದರೆ ‘ಬೈ’. ಹಾಗಂತ ‘ಎಕ್ಸ್‌ಟೆಂಡ್ ಬೈ ಜುಲೈ 10’ ಅಂತ ಬರೆದುಬಿಟ್ಟಾನು. ಅಲ್ಲಿ ‘ಟು ಜುಲೈ 10’ ಅಥವಾ ‘ಬೈ ಎ ವೀಕ್’ ಆಗಬೇಕು.

‘ಡು ದ ನೀಡ್‌ಫುಲ್’ ನಮ್ಮ ಆಫೀಸು ಪತ್ರಗಳ ಮಾತು. ಏನು ಮಾಡಬೇಕು ಅಂತಲೇ ಅದರಲ್ಲಿಲ್ಲ. ನೇರವಾಗಿ ಕೇಳಲಿ: ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಫೈವ್ ಡೇಸ್. ಕುಡ್ ಐ ಸೆಂಡ್ ಯು ಚಾಪ್ಟರ್ ಟೂ ಬೈ ಜುಲೈ 10 ಇನ್‌ಸ್ಟೆಡ್ ಆಫ್ ಜುಲೈ 3?’ ಎಷ್ಟು ಬರೆದಾಗಿದೆ ಅಂತ ಒಂದು ಸಾಲು ಸೇರಿಸಲಿ.

ಒಬ್ಬ ತಾಯಿ: ನನ್ನ ಮಗಳ ವೀಸಾ ಎಕ್ಸ್‌ಟೆನ್ಷನ್‌ಗೆ ಒಂದು ರಾಶಿ ಪೇಪರ್ ಕೇಳಿದರು. ಡಾಕ್ಟರ್ ಚೀಟಿಯನ್ನೂ ಹಾಕಿಬಿಡಿ.

ಪ್ರೂಫ್ ರೀಡರ್: ಅಮ್ಮಾ, ಇದು ವೀಸಾ ಅಲ್ಲ, ಚಾಪ್ಟರ್. ಗೈಡ್ ಕೇಳಿದರೆ ಕೊಟ್ಟರಾಯಿತು. ಸುಮ್ನೆ ಮೊದಲ ಮೇಲ್‌ಗೇ ಯಾಕೆ?

ಕಾಲೇಜು ಮೇಷ್ಟ್ರು: ಒಪ್ಪಿದೆ. ಆದರೆ ‘ಕುಡ್ ಐ’ ಅಂದರೆ ಗೆಳೆಯನಿಗೆ ಬರೆದ ಹಾಗಿಲ್ಲವೇ? ‘ಐ ರಿಕ್ವೆಸ್ಟ್ ಯು’ ಇರಬೇಕಿತ್ತು.

ಪ್ರೂಫ್ ರೀಡರ್: ‘ಕುಡ್’ನಲ್ಲೇ ಮರ್ಯಾದೆ ಇದೆ ಮೇಷ್ಟ್ರೇ. ನಮ್ಮ ‘ಕಳಿಸಬಹುದಾ ಸಾರ್’ ಇದ್ದ ಹಾಗೆ.

ಬಸವನಗುಡಿಯಿಂದ: ತಾರೀಖು, ‘ಬೈ’ ಎರಡೂ ತಿದ್ದಿದ. ‘ರೆಸ್ಪೆಕ್ಟೆಡ್ ಸರ್’ ಬದಲು ‘ಡಿಯರ್ ಪ್ರೊಫೆಸರ್’ ಅಂತ ಹಾಕಿದ್ದಾನೆ. ಲ್ಯಾಬಿನಲ್ಲಿ ಉಳಿದವರೆಲ್ಲ ಗೈಡನ್ನು ಹೆಸರು ಹಿಡಿದೇ ಕರೀತಾರಂತೆ. ಇವನಿಗೆ ನಾಲಿಗೆ ಏಳುತ್ತಿಲ್ಲ.

ಪ್ರೂಫ್ ರೀಡರ್: ಹಾಗೇ ಇರಲಿ. ಅವರು ಉತ್ತರದ ಕೊನೆಗೆ ಬರೀ ಹೆಸರು ಹಾಕಿದ್ದರೆ ಆಮೇಲೆ ನೋಡಿಕೊಳ್ಳಲಿ.